ಹದಿನಾರರ ಮೊಮ್ಮಗನ ಹೆಸರಿಗೆ ಅಜ್ಜನ ಶೇರು: ಖಾತೆ ಯಾರದ್ದು, ಸಹಿ ಯಾರದ್ದು, ಟ್ಯಾಕ್ಸ್ ಯಾರಿಗೆ

ಪ್ರಶ್ನೆ: ನಮ್ದು ಶಿರಸಿ ಹತ್ರ ಹಳ್ಳಿ. ಮಾಣಿಗೆ ಹದಿನಾರೂವರೆ, ಫಸ್ಟ್ ಪಿಯುಸಿ. ನಮ್ಮ ಮಾವನವ್ರು 2019ರಲ್ಲಿ ತಗೊಂಡ ಒಂದು ಕಂಪನಿಯ 400 ಶೇರು ಈಗ್ಲೇ ಮೊಮ್ಮಗನ ಹೆಸರಿಗೆ ಮಾಡ್ತೇನೆ, ಖಾತೆ ಮಾತ್ರ ನಾನೇ ನೋಡ್ಕೊಳ್ತೇನೆ ಅಂತ ಹಟ ಹಿಡಿದಿದ್ದಾರೆ. ಅಮೆರಿಕದಲ್ಲಿರೋ ನಾದಿನಿ ಅಲ್ಲಿ ಮಕ್ಕಳಿಗೆ ಕಸ್ಟೋಡಿಯನ್ ಅಕೌಂಟ್ ಮಾಡ್ಸಿದ್ದಾಳಂತೆ, ಹಾಗೇ ಇಲ್ಲೂ ಆಗ್ತದಾ? ಮಗನೇ ಮೊಬೈಲಲ್ಲಿ ಮಾರೋದು ತಗೊಳ್ಳೋದು ಮಾಡ್ಬಹುದಾ? ನಂದು ಖಾಸಗಿ ಹೈಸ್ಕೂಲಲ್ಲಿ ಕೆಲಸ, ವರ್ಷಕ್ಕೆ 6 ಲಕ್ಷ ಸಂಬಳ. ಯಜಮಾನ್ರದ್ದು ಅಡಿಕೆ ತೋಟ, ಅವ್ರ ಆದಾಯ ನನಗಿಂತ ಜಾಸ್ತಿ. ಟ್ಯಾಕ್ಸ್ ಯಾರು ಕಟ್ಟೋದು?

ಉತ್ತರ: ಅಕ್ಕೋರೇ, ಮಾಣಿ ಹೆಸರಲ್ಲಿ ಶೇರು ಇರ್ಬಹುದು, ಆದ್ರೆ ಅವನು ಅದನ್ನ ಆಡಿಸೋ ಹಾಗಿಲ್ಲ, ಅಜ್ಜನೂ ಆಡಿಸೋ ಹಾಗಿಲ್ಲ. ಟ್ಯಾಕ್ಸು ಬಂದ್ರೆ ನಿಮ್ಮ ಲೆಕ್ಕಕ್ಕೇ ಬರ್ತದೆ, ಯಜಮಾನ್ರ ಲೆಕ್ಕಕ್ಕಲ್ಲ. ಇದು ಕೇಳಿ ನಿಮಗೆ ಆಶ್ಚರ್ಯ ಆಗ್ಬಹುದು, ಅದನ್ನೇ ಸ್ವಲ್ಪ ಉದ್ದಕ್ಕೆ ಬರೀತೇನೆ, ಯಾಕಂದ್ರೆ ನಮ್ಮ ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಜನ ತಪ್ಪು ತಿಳ್ಕೊಳ್ಳೋದು ಸಾಮಾನ್ಯವಾಗಿ ಇದೇ ಜಾಗದಲ್ಲಿ.

ಮೊದ್ಲು ನಾದಿನಿ ಹೇಳಿದ್ದು. ಅಮೆರಿಕದಲ್ಲಿ ಮಕ್ಕಳಿಗೆ ಆಸ್ತಿ ಕೊಡೋದಕ್ಕೇ ಅಂತ ಪ್ರತ್ಯೇಕ ಕಾನೂನು ಇದೆ, ಯುಟಿಎಂಎ ಅಂತಾರೆ, ಅದಕ್ಕಿಂತ ಹಳೇದು ಯುಜಿಎಂಎ. ಅದ್ರಲ್ಲಿ ದೊಡ್ಡವ್ರು ಯಾರು ಬೇಕಾದ್ರೂ, ಅಜ್ಜ ಅಜ್ಜಿ ಅತ್ತೆ ಯಾರಾದ್ರೂ, ಕಸ್ಟೋಡಿಯನ್ ಆಗಿ ನಿಂತು ಮಗುವಿನ ಹೆಸರಲ್ಲಿ ಶೇರು ತಗೋಬಹುದು, ಮಾರ್ಬಹುದು, ಮಗು ಆಯಾ ರಾಜ್ಯದ ಕಾನೂನಿನ ಪ್ರಕಾರ ಹದಿನೆಂಟೋ ಇಪ್ಪತ್ತೊಂದೋ ಆದಾಗ, ಕೆಲವು ಕಡೆ ಅದಕ್ಕೂ ತಡವಾಗಿ, ಪೂರ್ತಿ ಅದರ ಕೈಗೆ ಬಿಟ್ಟುಕೊಡ್ಬೇಕು. ನಮ್ಮಲ್ಲಿ ಆ ತರದ ಖಾತೆ ಇಲ್ಲ. ನಮ್ಮಲ್ಲೂ ಶೇರು ಮಾರ್ಕೆಟ್ ನಿಯಂತ್ರಿಸೋ ಸೆಬಿಯ ನೋಂದಣಿ ಇರೋ ಕಸ್ಟೋಡಿಯನ್ ಅಂತ ಇದ್ದಾರೆ, ಆದ್ರೆ ಅವ್ರು ಮ್ಯೂಚುವಲ್ ಫಂಡು, ವಿದೇಶಿ ಹೂಡಿಕೆದಾರರು ಇಂಥ ದೊಡ್ಡ ಕುಳಗಳ ಶೇರು ಕಾಯೋ ಸಂಸ್ಥೆಗಳು, ನಮ್ಮ ನಿಮ್ಮ ಮಕ್ಕಳಿಗೂ ಅದಕ್ಕೂ ಸಂಬಂಧ ಇಲ್ಲ. ನಮಗಿರೋದು ಮೈನರ್ ಡಿಮ್ಯಾಟ್ ಖಾತೆ, ಅಂದ್ರೆ ಹದಿನೆಂಟು ತುಂಬದವರ ಶೇರನ್ನ ಕಂಪ್ಯೂಟರ್ ಲೆಕ್ಕದಲ್ಲಿ ಇಡೋ ಖಾತೆ. ಖಾತೆ ಹುಡುಗನ ಹೆಸರಲ್ಲಿ, ಸಹಿ ಗಾರ್ಡಿಯನ್ ದು.

ಆ ಗಾರ್ಡಿಯನ್ ಅಜ್ಜ ಆಗೋ ಹಾಗಿಲ್ಲ ಅನ್ನೋದು ಇಲ್ಲಿ ಮೊದಲ ಗಂಟು. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಪ್ರಕಾರ ಸಹಜ ಪೋಷಕ ಅಂದ್ರೆ ಅಪ್ಪ, ಅವನ ನಂತರ ತಾಯಿ. ಆ ನಂತರ ಅನ್ನೋದನ್ನ ಅಪ್ಪ ಸತ್ತ ಮೇಲೆ ಮಾತ್ರ ಅಂತ ಓದ್ಬಾರ್ದು, ಅಪ್ಪ ನೋಡ್ಕೊಳ್ಳದ ಸ್ಥಿತಿಯಲ್ಲಿದ್ರೂ ತಾಯಿ ಆಗ್ತಾಳೆ ಅಂತ ಸುಪ್ರೀಂ ಕೋರ್ಟು 1999ರಲ್ಲಿ ಗೀತಾ ಹರಿಹರನ್ ಕೇಸಲ್ಲಿ ಹೇಳಿದೆ, ಆದ್ರೂ ಫಾರ್ಮು ತುಂಬೋವಾಗ ಅಪ್ಪ ಇದ್ದ ಮನೇಲಿ ಅಪ್ಪನ ಹೆಸರು ಹಾಕಿದ್ರೆ ಯಾರೂ ತಕರಾರು ತೆಗೆಯೋದಿಲ್ಲ, ತಾಯಿ ಹೆಸರು ಹಾಕಿದ್ರೆ ಕೆಲವ್ರು ಯಾಕೆ ಅಂತ ಕೇಳ್ತಾರೆ. ಅಪ್ಪ ಅಮ್ಮ ಇಬ್ರೂ ಗಟ್ಟಿಯಾಗಿರೋವಾಗ ಅಜ್ಜ ಬೇಕು ಅಂದ್ರೆ ಕೋರ್ಟಿನ ಆದೇಶ ಬೇಕು. 400 ಶೇರಿಗೆ ಯಾರು ಕೋರ್ಟಿಗೆ ಅಲೀತಾರೆ ಹೇಳಿ. ಹಾಗಾಗಿ ಮಾವನವ್ರಿಗೆ ಸ್ಪಷ್ಟ ಹೇಳಿ, ಕೊಡೋದಾದ್ರೆ ಕೊಡಿ, ಕೊಟ್ಟ ಮೇಲೆ ಹಿಡಿತ ಇಟ್ಕೊಳ್ಳೋ ದಾರಿ ಇದ್ರಲ್ಲಿಲ್ಲ ಅಂತ.

ಇನ್ನು ಮಾಣಿ ಮೊಬೈಲಲ್ಲಿ ಮಾರೋದು ತಗೊಳ್ಳೋದು. ಆಗೋದಿಲ್ಲ. ಕಾರಣ ಶೇರು ಮಾರ್ಕೆಟ್ಟಿನ ನಿಯಮ ಅನ್ನೋದಕ್ಕಿಂತ ಹಳೇದು, 1872ರ ಕರಾರು ಕಾಯ್ದೆ. ಹದಿನೆಂಟು ತುಂಬದವನು ಮಾಡಿದ ಕರಾರು ಕರಾರೇ ಅಲ್ಲ ಅಂತ 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಾಗಿದೆ. ಒಂದೊಂದು ಬೈ, ಒಂದೊಂದು ಸೆಲ್ ಕೂಡ ಬ್ರೋಕರ್ ಜೊತೆ ಒಂದೊಂದು ಕರಾರು. ಹುಡುಗ ಇವತ್ತು ತಗೊಂಡು ನಾಳೆ ರೇಟು ಬಿದ್ದಾಗ ನಾನು ಮೈನರ್ ಅಂದ್ರೆ ಬ್ರೋಕರ್ ಏನೂ ಮಾಡೋ ಹಾಗಿಲ್ಲ, ಅದಕ್ಕೇ ಅವ್ರು ಆ ತಂಟೆಗೇ ಹೋಗೋದಿಲ್ಲ. ಮೈನರ್ ಹೆಸರಲ್ಲಿ ಟ್ರೇಡಿಂಗ್ ಖಾತೆ ಅಂತ ಕೊಡ್ತಾರೆ, ಆದ್ರೆ ಅದು ಮುಖ್ಯವಾಗಿ ಈಗಾಗ್ಲೇ ಬಂದಿರೋ ಶೇರು ಮಾರೋದಕ್ಕೆ: ಗಿಫ್ಟಾಗಿ ಬಂದದ್ದು, ವಾರಸುದಾರಿಕೆಯಲ್ಲಿ ಬಂದದ್ದು, ಐಪಿಓದಲ್ಲಿ ಸಿಕ್ಕಿದ್ದು, ಬೋನಸ್ಸು. ಅದೇ ದಿನ ತಗೊಂಡು ಮಾರೋ ಇಂಟ್ರಾಡೇ ಇಲ್ಲ, ಮುಂದಿನ ರೇಟಿನ ಮೇಲೆ ಪಣ ಕಟ್ಟೋ ಹಾಗಿರೋ ಫ್ಯೂಚರ್ಸ್ ಅಂಡ್ ಆಪ್ಶನ್ಸ್, ಅಂದ್ರೆ ಎಫ್ ಅಂಡ್ ಓ, ಅದೂ ಇಲ್ಲ. ಒತ್ತೋ ಬೆರಳು ಗಾರ್ಡಿಯನ್ ದೇ.

ಆದ್ರೆ ಮನೆಗಳಲ್ಲಿ ನಿಜವಾಗಿ ಆಗೋದು ಬೇರೆ. ಅಪ್ಪನ ಹೆಸರಿನ ಖಾತೆ, ಪಾಸ್‌ವರ್ಡು ಮಗನ ಹತ್ರ, ಅಪ್ಪ ತೋಟದಲ್ಲಿ ಕೊನೆ ಕೊಯ್ಲು ಮಾಡಿಸ್ತಾ ಇರ್ತಾರೆ, ಮಗ ಕಾಲೇಜಿನ ಬಸ್ಸಲ್ಲಿ ಕೂತು ಆಪ್ಶನ್ ಒತ್ತಿರ್ತಾನೆ. ಕಾನೂನಿನ ಕಣ್ಣಲ್ಲಿ ಅಷ್ಟೂ ಅಪ್ಪನ ವ್ಯವಹಾರ, ನಷ್ಟ ಆದ್ರೂ ಅಪ್ಪಂದು, ಟ್ಯಾಕ್ಸ್ ರಿಟರ್ನಲ್ಲಿ ತೋರಿಸ್ಬೇಕಾದ್ದೂ ಅಪ್ಪ. ಎಫ್ ಅಂಡ್ ಓದಲ್ಲಿ 2022ರಿಂದ 2024ರ ಮೂರು ಹಣಕಾಸು ವರ್ಷದಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದ್ದಾರೆ ಅಂತ ಸೆಬಿಯೇ ಲೆಕ್ಕ ಹಾಕಿ ಹೇಳಿದೆ. ಮಾಣಿಗೆ ಆಸಕ್ತಿ ಇದ್ರೆ ಅಜ್ಜನ 400 ಶೇರಿನ ಕಂಪನಿಯ ವಾರ್ಷಿಕ ವರದಿ ಓದ್ಲಿ, ಪಾಸ್‌ವರ್ಡ್ ಮಾತ್ರ ಕೊಡ್ಬೇಡಿ.

ಒಂದು ಮಾತು ನಡುವೆ. ನಮ್ಮ ಕಡೆ ಶೇರು ಅಂದ್ರೆ ಸೊಸೈಟಿ ಶೇರು ಅಂತ್ಲೇ ಹಳಬ್ರಿಗೆ ನೆನಪಾಗೋದು, ಮಾವನವ್ರು ಅದನ್ನೂ ಸೇರಿಸಿ ಮೊಮ್ಮಗಂಗೆ ಮಾಡ್ತೇನೆ ಅಂದಾರು. ಅದು ಸದಸ್ಯತ್ವದ ಶೇರು, ಡಿಮ್ಯಾಟಿಗೆ ಬರೋ ವಸ್ತುವೇ ಅಲ್ಲ, ಸದಸ್ಯ ಆಗೋದಕ್ಕೆ ಕರಾರು ಮಾಡೋ ಅರ್ಹತೆ ಬೇಕು, ಅಂದ್ರೆ ಹದಿನೆಂಟು ಆಗ್ಬೇಕು. ಅದನ್ನ ಈ ಲೆಕ್ಕದಿಂದ ಹೊರಗೇ ಇಡಿ.

ಖಾತೆ ತೆರೆಯೋ ಕೆಲಸ ಕಷ್ಟ ಅಲ್ಲ, ಕಾಗದ ಹೊಂದಿಸೋದೇ ತಲೆಬಿಸಿ. ಮಾಣಿಗೆ ಪ್ಯಾನ್ ಬೇಕು, ಮೈನರ್ ಪ್ಯಾನ್ ಕಾರ್ಡಲ್ಲಿ ಫೋಟೋ ಇರೋದಿಲ್ಲ, ಸಹಿನೂ ಇರೋದಿಲ್ಲ, ಅದು ತಪ್ಪಲ್ಲ ಗಾಬರಿ ಬೇಡ. ಜನನ ಪ್ರಮಾಣ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಆಧಾರು, ಮಾಣಿ ಹೆಸರಲ್ಲಿ ಒಂದು ಸೇವಿಂಗ್ಸ್ ಖಾತೆ, ಗಾರ್ಡಿಯನ್ ಆದವ್ರ ಪ್ಯಾನು, ಆಧಾರು, ಕೆವೈಸಿ. ಇದ್ರಲ್ಲಿ ಎಡವೋದು ಹೆಸರಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಮಾರ್ಕ್ಸ್ ಕಾರ್ಡಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಮೇಲೆ ಹೆಗಡೆಯೋ ಭಟ್ಟೋ ನಾಯ್ಕೋ ಅಂತ ಪೂರ್ತಿ ಇರ್ತದೆ, ಆಧಾರಲ್ಲಿ ಅಪ್ಪನ ಹೆಸರು ಮಾಯ, ಬ್ಯಾಂಕಲ್ಲಿ ಇನಿಶಿಯಲ್ಲು ಹಿಂದೆ ಮುಂದೆ. ಮೂರೂ ಬೇರೆ ಇದ್ರೆ ಅರ್ಜಿ ವಾಪಸ್ ಬರ್ತದೆ. ಪ್ಯಾನಿಗೆ ಹಾಕೋ ಮೊದ್ಲೇ ಆಧಾರಿನ ಹೆಸರು ಸರಿ ಮಾಡ್ಸಿ, ಉಳಿದದ್ದು ಅದರ ಹಿಂದೆ ಬರ್ತದೆ.

ಬ್ಯಾಂಕ್ ಖಾತೆ ವಿಷಯದಲ್ಲಿ ಒಂದು ಅನುಕೂಲ ಆಗಿದೆ, ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕು ಒಪ್ಪಿದ್ರೆ ತಾವೇ ಸಹಿ ಹಾಕಿ ಸೇವಿಂಗ್ಸ್ ಖಾತೆ ನಡೆಸ್ಬಹುದು ಅಂತ ರಿಸರ್ವ್ ಬ್ಯಾಂಕು 2025ರ ಏಪ್ರಿಲ್ಲಿನಲ್ಲಿ ನಿಯಮ ಒಟ್ಟುಮಾಡಿ ಹೇಳಿದೆ. ಆದ್ರೆ ಶೇರು ಮಾರಿದ ದುಡ್ಡು ಬರೋ ಖಾತೆಗೆ ಗಾರ್ಡಿಯನ್ ಕೂಡ ಇರೋ ಮೈನರ್ ಖಾತೆಯೇ ಇರ್ಲಿ, ಇದು ನನ್ನ ಅಭಿಪ್ರಾಯ. ಹದಿನಾರರ ಕೈಗೆ ಎಟಿಎಂ ಕಾರ್ಡು ಕೊಟ್ಟು ಅಷ್ಟೂ ದುಡ್ಡು ಬಿಡೋದು ಬೇಡ.

ಡಿಮ್ಯಾಟ್ ಮಾಣಿ ಒಬ್ಬನ ಹೆಸರಲ್ಲೇ ಇರ್ಬೇಕು, ಜಂಟಿ ಆಗೋದಿಲ್ಲ, ನಾಮಿನಿಯೂ ಹಾಕೋ ಹಾಗಿಲ್ಲ. ಖರ್ಚು ಅಂದ್ರೆ ಬಿಎಸ್‌ಡಿಎ ಅನ್ನೋ ಬೇಸಿಕ್ ಖಾತೆ ಕೇಳಿ, ಒಳಗಿರೋ ಶೇರಿನ ಬೆಲೆ 4 ಲಕ್ಷದೊಳಗಿದ್ರೆ ವಾರ್ಷಿಕ ಶುಲ್ಕ ಸೊನ್ನೆ, 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಕೇಳದಿದ್ರೆ ಮಾಮೂಲಿ ಖಾತೆ ಕೊಟ್ಟು ವರ್ಷ ವರ್ಷ ಕತ್ತರಿಸ್ತಾರೆ.

ಖಾತೆ ಆದ ಮೇಲೆ ಅಜ್ಜನ ಶೇರು ಈಚೆ ಬರ್ಬೇಕು. ಇದು ಮಾರಾಟ ಅಲ್ಲ, ಮಾರ್ಕೆಟ್ಟಿಗೆ ಹೋಗೋದೇ ಇಲ್ಲ, ಆಫ್ ಮಾರ್ಕೆಟ್ ವರ್ಗಾವಣೆ. ಮಾವನವ್ರ ಡಿಮ್ಯಾಟ್ ಎಲ್ಲಿದ್ಯೋ ಅಲ್ಲಿಂದ ಶೇರು ವರ್ಗಾಯಿಸೋದಕ್ಕೆ ಬರೆದು ಕೊಡೋ ಡಿಐಎಸ್ ಸ್ಲಿಪ್ ಪುಸ್ತಕ ತರ್ಸಿ, ಅದ್ರಲ್ಲಿ ಮಾಣಿಯ ಹದಿನಾರು ಅಂಕೆಯ ಖಾತೆ ನಂಬರು, ಕಂಪನಿಯ INE ಇಂದ ಶುರುವಾಗೋ ಹನ್ನೆರಡು ಅಕ್ಷರದ ಐಸಿನ್ ನಂಬರು, ಸಂಖ್ಯೆ 400, ಕಾರಣ ಗಿಫ್ಟ್ ಅಂತ ಬರೀಬೇಕು. ಡಿಮ್ಯಾಟ್ ಶೇರು ಇಡೋ ಡಿಪಾಸಿಟರಿ ಸಂಸ್ಥೆ ನಮ್ಮಲ್ಲಿ ಎರಡಿವೆ, ಅಜ್ಜಂದು ಎನ್‌ಎಸ್‌ಡಿಎಲ್, ಮಾಣಿದು ಸಿಡಿಎಸ್‌ಎಲ್ ಆಗಿದ್ರೆ ಸ್ಲಿಪ್ಪಲ್ಲಿ ಇಂಟರ್ ಡಿಪಾಸಿಟರಿ ಅನ್ನೋ ಕಡೆ ಗುರುತು ಹಾಕ್ಬೇಕು, ಇದನ್ನ ಬಿಟ್ರೆ ಸ್ಲಿಪ್ಪು ವಾಪಸ್ಸು. ಎನ್‌ಎಸ್‌ಡಿಎಲ್ ಖಾತೆ ನಂಬರು IN ಅಂತ ಶುರುವಾಗ್ತದೆ, ಸಿಡಿಎಸ್‌ಎಲ್ ದು ಪೂರ್ತಿ ಅಂಕೆ, ನೋಡಿದ ಕೂಡ್ಲೇ ಗೊತ್ತಾಗ್ತದೆ.

ಇಲ್ಲಿ ಕೆಲಸ ನಿಲ್ಲೋದು ಎರಡು ಕಡೆ. ಒಂದು ಅಜ್ಜನ ಸಹಿ. ಖಾತೆ ತೆರೆದಾಗಿನ ಸಹಿ ಗಟ್ಟಿಯಾಗಿ ಇರ್ತದೆ, ಈಗ ಕೈ ನಡುಗ್ತದೆ, ಹೊಂದೋದಿಲ್ಲ ಅಂತ ತಿರಸ್ಕಾರ ಮಾಡ್ತಾರೆ. ಅನುಮಾನ ಇದ್ರೆ ಮೊದ್ಲೇ ಹೋಗಿ ಹೊಸ ಸಹಿ ದಾಖಲು ಮಾಡಿಸೋ ಅರ್ಜಿ ಕೊಡಿ. ಇನ್ನೊಂದು ಓಟಿಪಿ. ಆಫ್ ಮಾರ್ಕೆಟ್ ವರ್ಗಾವಣೆಗೆ ಕೊಡೋರ ಒಪ್ಪಿಗೆ ಅವ್ರ ಮೊಬೈಲಿಗೋ ಇಮೇಲಿಗೋ ಬರೋ ಓಟಿಪಿಯಿಂದ ಆಗ್ಬೇಕು, ಡಿಪಾಸಿಟರಿಯವ್ರು ನೇರ ಕಳಿಸ್ತಾರೆ. ಅಜ್ಜನ ಖಾತೆಯಲ್ಲಿ ಯಾವುದೋ ಕಾಲದ ನಂಬರ್ ಇದ್ದು ಆ ಸಿಮ್ಮೇ ಈಗ ಇಲ್ಲ ಅಂತಾದ್ರೆ ಸ್ಲಿಪ್ ಎಷ್ಟು ಚೆಂದ ತುಂಬಿದ್ರೂ ಪ್ರಯೋಜನ ಇಲ್ಲ. ನಂಬರ್ ಸರಿ ಇದ್ರೂ ನಮ್ಮ ಕಡೆ ನೆಟ್ವರ್ಕಿನ ಕತೆ ನಿಮಗೇ ಗೊತ್ತು, ಸ್ಲಿಪ್ ಕೊಟ್ಟ ದಿನ ಅಜ್ಜನ ಫೋನು ಪೇಟೆಯಲ್ಲೋ ಗುಡ್ಡದ ಮೇಲೋ ಸಿಗ್ನಲ್ ಇರೋ ಜಾಗದಲ್ಲಿ ಇರ್ಲಿ.

ಜೊತೆಗೆ ಬಿಳಿ ಹಾಳೆಯಲ್ಲಾದ್ರೂ ಅಜ್ಜ ಒಂದು ಗಿಫ್ಟ್ ಪತ್ರ ಬರ್ದು, ಮಾಣಿ ಪರವಾಗಿ ಅಪ್ಪ ಸ್ವೀಕರಿಸಿದ್ದೇನೆ ಅಂತ ಸಹಿ ಹಾಕಿ ಇಟ್ಕೊಳ್ಳಿ. ಅದಕ್ಕಿಂತ ಮುಖ್ಯವಾದ ಕಾಗದ 2019ರ ಕಾಂಟ್ರಾಕ್ಟ್ ನೋಟು, ಅಂದ್ರೆ ಬ್ರೋಕರ್ ಕೊಟ್ಟ ಖರೀದಿ ಚೀಟಿ. ಅಜ್ಜ ಯಾವ ದಿನ ಯಾವ ರೇಟಿಗೆ ತಗೊಂಡ್ರು ಅನ್ನೋದು ಗಿಫ್ಟಿನ ಜೊತೆ ಮಾಣಿ ಖಾತೆಗೆ ಬರೋದಿಲ್ಲ, ಬ್ರೋಕರ್ ಆ್ಯಪಲ್ಲಿ ಖರೀದಿ ಬೆಲೆ ಸೊನ್ನೆ ಅಂತಲೋ ಗಿಫ್ಟ್ ಬಂದ ದಿನದ ರೇಟು ಅಂತಲೋ ಕಾಣ್ತದೆ. ಟ್ಯಾಕ್ಸಿಗೆ ಎರಡೂ ತಪ್ಪು. ಗಿಫ್ಟಲ್ಲಿ ಬಂದ ಶೇರಿಗೆ ಕೊಟ್ಟವ್ರ ಬೆಲೆಯೇ ಬೆಲೆ, ಅವ್ರು ತಗೊಂಡ ದಿನವೇ ದಿನ. ಕಾಂಟ್ರಾಕ್ಟ್ ನೋಟು ಕಳೆದಿದ್ರೆ ಅಜ್ಜ ಇರೋವಾಗ್ಲೇ ಅವ್ರ ಬ್ರೋಕರಿಂದ ಪ್ರತಿ ತರ್ಸಿ, ಆಮೇಲೆ ತಗೊಳ್ಳೋದು ಬಹಳ ಕಷ್ಟ.

ಗಿಫ್ಟ್ ತಗೊಂಡದ್ದಕ್ಕೆ ಟ್ಯಾಕ್ಸ್ ಇಲ್ಲ, ಅಜ್ಜ ಕಾನೂನಿನಲ್ಲಿ ಹತ್ತಿರದ ಸಂಬಂಧಿ. ಕೊಟ್ಟ ಅಜ್ಜನಿಗೂ ಇಲ್ಲ. ಆದ್ರೆ ಆ ಶೇರಿಂದ ಮುಂದೆ ಹುಟ್ಟೋ ಆದಾಯ, ಡಿವಿಡೆಂಡ್ ಆಗ್ಲಿ ಮಾರಿದ ಲಾಭ ಆಗ್ಲಿ, ಮಾಣಿಗೆ ಹದಿನೆಂಟು ಆಗೋವರೆಗೆ ಅಪ್ಪ ಅಮ್ಮನಲ್ಲಿ ಒಬ್ಬರ ಆದಾಯಕ್ಕೆ ಸೇರಿಸ್ತಾರೆ. ಕೊಟ್ಟದ್ದು ಅಜ್ಜ ಅಲ್ವಾ ಅಂದ್ರೂ ಅಷ್ಟೇ, ಕೊಟ್ಟವ್ರು ಯಾರು ಅಂತ ನೋಡೋದೇ ಇಲ್ಲ. ಮಗು ತನ್ನ ಸ್ವಂತ ದುಡಿಮೆ, ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಅದರದ್ದೇ ಲೆಕ್ಕ, ಅಂಗವೈಕಲ್ಯ ಇರೋ ಮಕ್ಕಳಿಗೂ ವಿನಾಯಿತಿ ಇದೆ, ನಿಮಗೆ ಅವೆರಡೂ ಬೇಡ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರೆಲ್ಲ ಬದಲಾಗಿದೆ, ಹಾಗಾಗಿ ಹಳೇ 64ನೇ ಸೆಕ್ಷನ್ನು ಅಂತ ಯಾರಾದ್ರೂ ಹೇಳಿದ್ರೆ ಇದೇ ವಿಷಯ ಅಂತ ತಿಳ್ಕೊಳ್ಳಿ.

ಅಪ್ಪ ಅಮ್ಮನಲ್ಲಿ ಯಾರಿಗೆ? ಯಾರ ಒಟ್ಟು ಆದಾಯ ಜಾಸ್ತಿಯೋ ಅವ್ರಿಗೆ. ಯಜಮಾನ್ರ ಆದಾಯ ನಿಮಗಿಂತ ಜಾಸ್ತಿ ಅಂದ್ರಲ್ಲ, ಕೈಗೆ ಬರೋ ದುಡ್ಡಲ್ಲಿ ಹೌದು. ಆದ್ರೆ ಕಾನೂನು ಕೇಳೋದು ಟ್ಯಾಕ್ಸಿನ ಭಾಷೆಯ ಒಟ್ಟು ಆದಾಯ, ಅದ್ರಲ್ಲಿ ಕೃಷಿ ಆದಾಯ ಸೇರೋದೇ ಇಲ್ಲ. ಅಡಿಕೆ ಹತ್ತು ಲಕ್ಷದ್ದು ಮಾರಿದ್ರೂ ಆ ಲೆಕ್ಕದಲ್ಲಿ ಸೊನ್ನೆ. ಅವ್ರಿಗೆ ಠೇವಣಿ ಬಡ್ಡಿ ಒಂದು 40,000 ಬರ್ತದೆ ಅಂತಿಟ್ಕೊಳ್ಳಿ, ಅವ್ರ ಒಟ್ಟು ಆದಾಯ ಅಷ್ಟೇ. ನಿಮ್ಮದು 6 ಲಕ್ಷ ಸಂಬಳದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 5,25,000. ಹಾಗಾಗಿ ಮಾಣಿ ಆದಾಯ ನಿಮ್ಮ ತಲೆ ಮೇಲೆ. ಡಿಮ್ಯಾಟಲ್ಲಿ ಗಾರ್ಡಿಯನ್ ಅಪ್ಪ, ರಿಟರ್ನಲ್ಲಿ ತೋರಿಸೋದು ಅಮ್ಮ, ಎರಡಕ್ಕೂ ಸಂಬಂಧ ಇಲ್ಲ, ಎಷ್ಟೋ ಮನೆಯಲ್ಲಿ ಗಾರ್ಡಿಯನ್ ಅಪ್ಪ ಅಂತ ಅಪ್ಪನ ಲೆಕ್ಕಕ್ಕೆ ಹಾಕಿ ಆಮೇಲೆ ನೋಟಿಸಿಗೆ ಉತ್ತರ ಕೊಡ್ತಾ ಕೂತ್ಕೊಳ್ತಾರೆ. ತೋಟದ ಜೊತೆ ಹೋಮ್‌ಸ್ಟೇನೋ ಅಂಗಡಿ ಬಾಡಿಗೆನೋ ಇದ್ರೆ ಲೆಕ್ಕ ಮತ್ತೆ ಹಾಕ್ಬೇಕು, ಹೋಮ್‌ಸ್ಟೇ ದುಡ್ಡು ತೋಟದೊಳಗೇ ಹುಟ್ಟಿದ್ರೂ ಕೃಷಿ ಆದಾಯ ಅಲ್ಲ. ಒಂದು ಸಲ ಒಬ್ರ ಲೆಕ್ಕಕ್ಕೆ ಸೇರಿಸಿದ್ರೆ ಮುಂದಿನ ವರ್ಷಗಳಲ್ಲೂ ಅಲ್ಲೇ ಮುಂದುವರಿಸ್ಬೇಕು, ಅಧಿಕಾರಿ ಬದಲಿಸದ ಹೊರತು, ಅದಕ್ಕೇ ಮೊದಲ ವರ್ಷವೇ ಸರಿ ಮಾಡಿ.

ಈಗ ಅಂಕೆ ಹಾಕಿ ನೋಡೋಣ. ಅಜ್ಜ 2019ರಲ್ಲಿ ಒಂದಕ್ಕೆ 250 ರೂಪಾಯಿ ಹಾಗೆ ತಗೊಂಡ್ರು, 400ಕ್ಕೆ 1 ಲಕ್ಷ. ಈಗ ರೇಟು 900, ಒಟ್ಟು 3,60,000. ಇದು ಉದಾಹರಣೆಗೆ ಅಷ್ಟೇ, ನಿಮ್ಮ ಕಂಪನಿ ಯಾವುದು ಅಂತ ನೀವು ಬರೆದಿಲ್ಲ. ಮಾಣಿ ಮೈನರ್ ಇರೋವಾಗ್ಲೇ ಮಾರಿದ್ರೆ ಲಾಭ 2,60,000. ವರ್ಷ ದಾಟಿದ ಲಿಸ್ಟೆಡ್ ಶೇರಾದ್ದರಿಂದ ದೀರ್ಘಾವಧಿ ಲಾಭ, ವರ್ಷಕ್ಕೆ 1,25,000ದವರೆಗೆ ಟ್ಯಾಕ್ಸ್ ಇಲ್ಲ, ಉಳಿದ 1,35,000ಕ್ಕೆ ನೂರಕ್ಕೆ ಹನ್ನೆರಡೂವರೆ, 16,875, ಮೇಲೆ ನಾಲ್ಕು ಪರ್ಸೆಂಟ್ ಸೆಸ್ ಸೇರಿ 17,550 ರೂಪಾಯಿ ನೀವು ಕಟ್ಬೇಕು. 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತ ಪೇಪರಲ್ಲಿ ಓದಿರ್ತೀರಿ, ಆ ರಿಬೇಟು, ಅಂದ್ರೆ ಟ್ಯಾಕ್ಸ್ ಮಾಫಿ, ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳ, ಬಡ್ಡಿ ಇಂಥದ್ದಕ್ಕೆ, ಈ ಲಾಭಕ್ಕೆ ಸಿಗೋದಿಲ್ಲ. ಮತ್ತೆ 1,25,000 ಅನ್ನೋದು ಮಾಣಿಗೊಂದು ನಿಮಗೊಂದು ಅಂತ ಎರಡಿಲ್ಲ. ಅದೇ ವರ್ಷ ನೀವು ನಿಮ್ಮ ಮ್ಯೂಚುವಲ್ ಫಂಡು ಮಾರಿ 80,000 ಲಾಭ ಮಾಡಿದ್ರೆ ಅದೂ ಇದೇ ಮಿತಿಯೊಳಗೆ ನುಗ್ತದೆ, ಆಗ ಒಟ್ಟು ಕಟ್ಟೋದು 27,950.

ಅದೇ ಶೇರು ಮಾಣಿಗೆ ಹದಿನೆಂಟು ತುಂಬಿದ ಮೇಲೆ ಮಾರಿದ್ರೆ ಅದು ಅವನದ್ದೇ ಆದಾಯ, ಬೇರೆ ಆದಾಯ ಇಲ್ಲದ ಕಾಲೇಜು ಹುಡುಗ, ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿ ಪೂರ್ತಿ ಖಾಲಿ ಇರ್ತದೆ, ಇಲ್ಲಿ ವಾಸ ಇರೋರಿಗೆ ಈ ಲಾಭವನ್ನ ಆ ಖಾಲಿ ಜಾಗಕ್ಕೆ ತುಂಬೋ ಅವಕಾಶ ಇದೆ, ಟ್ಯಾಕ್ಸ್ ಸೊನ್ನೆ. ಅಂದ್ರೆ ಒಂದೂವರೆ ವರ್ಷ ತಡೆದ್ರೆ 17,550 ಉಳೀತು. ಆದ್ರೆ ಶೇರು 900ರಿಂದ 850ಕ್ಕೆ ಇಳಿದ್ರೂ 20,000 ಹೋಗ್ತದೆ, ಟ್ಯಾಕ್ಸ್ ಉಳಿಸೋದಕ್ಕೆ ಅಂತ ಕೆಟ್ಟ ಕಂಪನಿಯನ್ನ ಹಿಡ್ಕೊಂಡು ಕೂರೋದು ಬೇಡ.

ಡಿವಿಡೆಂಡ್ ಸಣ್ಣ ವಿಷಯ. ಶೇರಿಗೆ 10 ರೂಪಾಯಿ ಕೊಟ್ರೆ ವರ್ಷಕ್ಕೆ 4,000, ನಿಮ್ಮ ಆದಾಯಕ್ಕೆ ಸೇರಿದ್ರೂ ನೀವು ರಿಬೇಟಿನೊಳಗೇ ಇರ್ತೀರಿ. ಮಗುವಿಗೆ 1,500 ವಿನಾಯಿತಿ ಅಂತ ಹೇಳ್ತಾರಲ್ಲ, ಅದು ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕೋರಿಗೆ ಮಾತ್ರ. ತೋರಿಸೋದು ಮಾತ್ರ ಮರೀಬೇಡಿ, ಐಟಿಆರ್-2ರಲ್ಲಿ ಶೆಡ್ಯೂಲ್ ಎಸ್‌ಪಿಐ ಅಂತ ಇದೆ, ಮಾಣಿ ಹೆಸರು, ಪ್ಯಾನು, ಸಂಬಂಧ, ಮೊತ್ತ ಅಲ್ಲಿ ಹಾಕ್ಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನಾನಾದ್ರೆ ಮಾವನವ್ರ ಹತ್ರ ಕೇಳೋದು, ನಿಮಗೆ ಮೊಮ್ಮಗನ ಕೈಗೆ ದುಡ್ಡು ಸೇರ್ಬೇಕಾ, ಶೇರೇ ಸೇರ್ಬೇಕಾ ಅಂತ. ದುಡ್ಡಾದ್ರೆ ಅಜ್ಜನೇ ಮಾರ್ಲಿ. ಅವ್ರಿಗೂ ತೋಟದ್ದು ಬಿಟ್ರೆ ಬಡ್ಡಿ ಒಂದು 60,000 ಮಾತ್ರ ಅಂತಾದ್ರೆ, ಲಾಭ ಸೇರಿಸಿದ್ರೂ 3,20,000, ಅದೇ 4 ಲಕ್ಷದ ಒಳಗೆ, ಟ್ಯಾಕ್ಸ್ ಸೊನ್ನೆ, ಚೆಕ್ಕಲ್ಲಿ ಮೊಮ್ಮಗಂಗೆ ಕೊಡ್ಲಿ. ಮೈನರ್ ಡಿಮ್ಯಾಟು, ಸ್ಲಿಪ್ಪು, ಓಟಿಪಿ ಯಾವ್ದೂ ಬೇಡ. ಆ ದುಡ್ಡು ಎಫ್‌ಡಿ ಇಟ್ರೆ ಬಡ್ಡಿ ಹದಿನೆಂಟರವರೆಗೆ ನಿಮ್ಮ ಲೆಕ್ಕಕ್ಕೆ ಬರ್ತದೆ, ಅಷ್ಟೇ.

ಶೇರೇ ಕೊಡ್ಬೇಕು, ಆದ್ರೆ ಒಂದೂವರೆ ವರ್ಷ ಕಾಯ್ತೇನೆ ಅಂದ್ರೆ ಅದೂ ಸರಿ, ಅಲ್ಲಿವರೆಗೆ ಹಿಡಿತ ಅವ್ರದ್ದೇ, ಅವ್ರ ಹಟವೂ ಉಳೀತದೆ. ಈ ನಡುವೆ ಅಜ್ಜನಿಗೆ ಏನಾದ್ರೂ ಆದ್ರೆ? ಮೊಮ್ಮಗನ ಹೆಸರು ನಾಮಿನಿ ಹಾಕಿದ್ದೇನೆ ಸಾಕು ಅಂತ ಕೂರ್ಬಾರ್ದು. ಮೈನರ್ ನಾಮಿನಿ ಆಗ್ಬಹುದು, ಅದಕ್ಕೆ ಗಾರ್ಡಿಯನ್ ಹೆಸರು ಬೇಕು ಅಷ್ಟೇ, ಆದ್ರೆ ನಾಮಿನಿ ಅಂದ್ರೆ ಕಂಪನಿಯಿಂದ ಶೇರು ಈಸ್ಕೊಳ್ಳೋ ಮನುಷ್ಯ, ಮಾಲೀಕ ಅಲ್ಲ ಅಂತ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಶಕ್ತಿ ಯೆಜ್ದಾನಿ ಕೇಸಲ್ಲಿ ಖಚಿತ ಮಾಡಿದೆ. ಉಯಿಲು ಇಲ್ದಿದ್ರೆ ಅತ್ತೆಯವ್ರು, ಯಜಮಾನ್ರು, ನಾದಿನಿ ಎಲ್ಲರಿಗೂ ಪಾಲು. ಹಾಗಾಗಿ ಕಾಯೋದಾದ್ರೆ ನಾಮಿನಿ ಜೊತೆ ಎರಡು ಸಾಕ್ಷಿ ಇಟ್ಟು ಒಂದು ಪುಟದ ಉಯಿಲು ಬರೀಲಿ. ಅಜ್ಜನ ಆರೋಗ್ಯ ಅಷ್ಟಕ್ಕಷ್ಟೇ, ಮನೆಯಲ್ಲಿ ಪಾಲಿನ ಮಾತು ಬೇರೆ ಎದ್ದಿದೆ ಅಂತಾದ್ರೆ ಮಾತ್ರ ಈಗ್ಲೇ ವರ್ಗಾವಣೆ ಮಾಡಿ ಅಂತೇನೆ.

ಈಗ್ಲೇ ಮಾಡಿದ್ರೆ ಒಂದು ತಿಳ್ಕೊಂಡಿರಿ, ಮಾಣಿ ಖಾತೆಗೆ ಬಿದ್ದ ಶೇರು ಮಾಣಿಯದ್ದು. ಯಜಮಾನ್ರು ಗಾರ್ಡಿಯನ್ ಅಂತ ಅದನ್ನ ತಮ್ಮ ಖಾತೆಗೆ ಎಳ್ಕೊಳ್ಳೋದು, ಅಡಿಕೆ ರೇಟು ಬಿದ್ದ ವರ್ಷ ಮಾರಿ ಸಾಲಕ್ಕೆ ಕಟ್ಟೋದು ಆಗೋದಿಲ್ಲ. ಜಮೀನು ಮಾರೋದಕ್ಕಾದ್ರೆ ಕೋರ್ಟಿನ ಅನುಮತಿ ಬೇಕು, ಶೇರಿಗೆ ಬೇಡ, ಆದ್ರೆ ಮಾರೋದು ಹುಡುಗನ ಒಳಿತಿಗೆ ಆಗಿರ್ಬೇಕು, ಅವನ ಫೀಸು, ಹಾಸ್ಟೆಲ್ಲು, ಚಿಕಿತ್ಸೆ. ದುಡ್ಡು ಅವನ ಬ್ಯಾಂಕ್ ಖಾತೆಗೇ ಬೀಳ್ತದೆ, ಅಲ್ಲಿಂದ ಕಾಲೇಜಿಗೆ ಕಟ್ಟಿದ ರಸೀದಿ ಇಟ್ಕೊಳ್ಳಿ.

ಕೊನೆಗೆ ಹದಿನೆಂಟರ ಹುಟ್ಟುಹಬ್ಬ. ಆ ದಿನದಿಂದ ಗಾರ್ಡಿಯನ್ ಸಹಿ ನಡೆಯೋದಿಲ್ಲ, ಮಾಣಿ ಸಹಿ ಇನ್ನೂ ದಾಖಲಾಗಿಲ್ಲ, ಹಾಗಾಗಿ ಖಾತೆ ಬೀಗ ಹಾಕಿದ ಹಾಗೆ ನಿಲ್ತದೆ. ಶೇರು ಎಲ್ಲೂ ಹೋಗೋದಿಲ್ಲ, ಮಾರೋದಕ್ಕೆ ಮಾತ್ರ ಬರೋದಿಲ್ಲ. ಪ್ಯಾನ್ ನಂಬರು ಅದೇ, ಆದ್ರೆ ಫೋಟೋ ಸಹಿ ಇರೋ ಹೊಸ ಕಾರ್ಡಿಗೆ ಅರ್ಜಿ ಹಾಕ್ಬೇಕು, ಆಧಾರಿಗೆ ಅವನದ್ದೇ ಮೊಬೈಲ್ ನಂಬರ್ ಜೋಡಿಸ್ಬೇಕು, ಬ್ಯಾಂಕ್ ಖಾತೆಯನ್ನ ಮೇಜರ್ ಮಾಡಿಸ್ಬೇಕು, ಆಮೇಲೆ ಅವನದ್ದೇ ಕೆವೈಸಿ, ಅವನದ್ದೇ ಸಹಿ ಇರೋ ಹೊಸ ಫಾರ್ಮು ಡಿಮ್ಯಾಟಿಗೆ. ಕೆಲವು ಕಡೆ ಅದೇ ಖಾತೆಯನ್ನ ಬದಲಿಸ್ತಾರೆ, ಕೆಲವು ಕಡೆ ಹೊಸ ಖಾತೆ ತೆರೆದು ಶೇರು ವರ್ಗಾಯಿಸಿ ಹಳೇದು ಮುಚ್ಚು ಅಂತಾರೆ, ಖಾತೆ ಮಾಡಿಸೋ ದಿನವೇ ಯಾವ ತರ ಅಂತ ಕೇಳಿ ಬರೆದಿಟ್ಕೊಳ್ಳಿ. ಬ್ಯಾಂಕ್ ಖಾತೆ ಬದಲಾದ್ರೆ ಡಿಮ್ಯಾಟಲ್ಲೂ ಹೊಸ ನಂಬರ್ ಕೊಡಿ, ಇಲ್ದಿದ್ರೆ ಡಿವಿಡೆಂಡು ಮುಚ್ಚಿದ ಖಾತೆಗೆ ಹೋಗಿ ವಾಪಸ್ ಕಂಪನಿಗೆ ತಿರುಗ್ತದೆ. ಅವನು ಸೆಕೆಂಡ್ ಪಿಯುಸಿ ಪರೀಕ್ಷೆ, ಸಿಇಟಿ ಅಂತ ಓಡಾಡೋ ಕಾಲಕ್ಕೇ ಇದೂ ಬರ್ತದೆ, ಆಧಾರಿನ ಮೊಬೈಲ್ ನಂಬರ್ ಕೆಲಸ ಒಂದನ್ನ ಈ ರಜೆಯಲ್ಲೇ ಮುಗಿಸಿ. ಹೊಸ ಖಾತೆ ಅವನ ಹೆಸರಲ್ಲಿ ಶುರುವಾದ ದಿನ ನಾಮಿನಿ ಹಾಕೋ ಹಕ್ಕೂ ಬರ್ತದೆ, ನಿಮ್ಮ ಹೆಸರೋ ಯಜಮಾನ್ರ ಹೆಸರೋ ಅವನೇ ಹಾಕ್ಲಿ.